ಕಡತ ಕೇಳುವ ಒಕ್ಕಣೆ

ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅತ್ತ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯ ಪಾಲಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಇದ್ದಲ್ಲೇ ಇದ್ದರೂ ಅವುಗಳ ಜಿಲ್ಲಾ ಕೇಂದ್ರ ಬದಲಾಯಿತು. ಆದೇಶ ಹೊರಟ ದಿನವೇ ನಕ್ಷೆ ಬದಲಾಗಬಹುದು, ಬೀರುವಿನಲ್ಲಿರುವ ಕಾಗದ ಅಷ್ಟು ಬೇಗ ಊರು ಬಿಟ್ಟು ಬರುವುದಿಲ್ಲ. ಐದಾರು ವರ್ಷ ಹಿಂದಿನ ಒಂದು ಪಟ್ಟಿ ಬೇಕೆಂದರೆ, ಆಗ ಅದನ್ನು ಮಾಡಿದ ಕಚೇರಿ ಯಾವುದು, ಆ ಕಂಪ್ಯೂಟರಿನ ಮುಂದೆ ಈಗ ಕೂತವರು ಯಾರು ಎಂದು ಹುಡುಕಬೇಕು. ಸಿಕ್ಕ ಮೇಲೆ ಅವರನ್ನು ಕೇಳಬೇಕು. ಅವರು ನಮ್ಮ ಸಾಹೇಬರ ಕೈಕೆಳಗಿನವರಲ್ಲ, ಕೆಲವೊಮ್ಮೆ ನಮ್ಮ ಜಿಲ್ಲೆಯವರೂ ಅಲ್ಲ. ಕಳಿಸಲೇಬೇಕೆಂಬ ಒತ್ತಡ ಅವರ ಮೇಲೆ ಏನೂ ಇಲ್ಲ.

ಪತ್ರ ಬರೆದು ಕೇಳುವ ದಾರಿ ಇದ್ದೇ ಇದೆ. ಆದರೆ ಸಭೆ ನಾಡಿದ್ದಿದ್ದಾಗ ಎಲ್ಲರೂ ಮೊದಲು ಮಾಡುವುದು ವಾಟ್ಸ್‌ಆ್ಯಪ್ ಸಂದೇಶವನ್ನೇ. ಮೂರ್ನಾಲ್ಕು ಸಾಲಿನ ಆ ಸಂದೇಶದಲ್ಲಿ ಕೆಲಸ ಆಗುವುದೂ ಕೆಡುವುದೂ ಕ್ರಿಯಾಪದದ ಕೊನೆಯ ಒಂದೆರಡು ಅಕ್ಷರಗಳಲ್ಲಿ. ಕನ್ನಡದಲ್ಲಿ ಒರಟುತನ ಬರುವುದು ‘ದಯವಿಟ್ಟು’ ಬಿಟ್ಟಿದ್ದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಕೊನೆಯ ಕಾರಣ. ‘ದಯವಿಟ್ಟು ಕೂಡಲೇ ಕಳಿಸಿ’ ಎಂಬ ಸಾಲನ್ನು ಓದಿ ನೋಡಿ. ಮೊದಲ ಪದ ಎಷ್ಟು ಬಗ್ಗಿದರೂ ಉಳಿದೆರಡು ಪದಗಳು ಆಜ್ಞೆಯಾಗಿಯೇ ಉಳಿಯುತ್ತವೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಹಗರಿಬೊಮ್ಮನಹಳ್ಳಿಯ ಯಾವ ಕಚೇರಿಯಲ್ಲಾದರೂ ಪಕ್ಕದ ಟೇಬಲ್ಲಿನವರು ‘ಸರ, ಆ ಫೈಲ್ ಒಂದೀಟು ಕಳಸ್ರಿ’ ಎಂದರೆ ಯಾರಿಗೂ ನೋವಾಗುವುದಿಲ್ಲ. ಆ ‘ರಿ’ಯಲ್ಲಿ ಮರ್ಯಾದೆ ಇದೆ, ‘ಒಂದೀಟು’ ಎಂಬುದರಲ್ಲಿ ಸಂಕೋಚವಿದೆ, ‘ಸರ’ ಎಂದು ಎಳೆಯುವ ದನಿಯಲ್ಲಿ ಸಲುಗೆ ಇದೆ. ಅದೇ ಮನುಷ್ಯ ಫೋನ್ ಕೈಗೆತ್ತಿಕೊಂಡ ಕೂಡಲೇ ಪುಸ್ತಕದ ಕನ್ನಡಕ್ಕೆ ಹೊರಳುತ್ತಾನೆ. ‘ರಿ’ ಹೋಗುತ್ತದೆ, ‘ಒಂದೀಟು’ ಹೋಗುತ್ತದೆ, ದನಿಯಂತೂ ಇಲ್ಲವೇ ಇಲ್ಲ. ಉಳಿಯುವುದು ‘ಫೈಲ್ ಕಳಿಸಿ’ ಮಾತ್ರ. ಬರೆದವನ ಕಿವಿಯಲ್ಲಿ ತನ್ನ ದನಿ ಇನ್ನೂ ಇರುವುದರಿಂದ ಅವನಿಗೆ ಇದು ಮೃದುವಾಗಿಯೇ ಕೇಳಿಸುತ್ತದೆ, ಓದುವವನಿಗೆ ಕೇಳಿಸುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಮೇಲ್ ಬರೆದವರು ತಮ್ಮ ಮಾತಿನ ಧಾಟಿ ಎದುರಿನವರಿಗೆ ತಿಳಿದೇ ತಿಳಿಯುತ್ತದೆಂದು ನಂಬಿದ್ದರು, ಓದಿದವರಿಗೆ ತಿಳಿದದ್ದು ಅದಕ್ಕಿಂತ ಬಹಳ ಕಡಿಮೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದವರಿಗೆ ‘ಕಳಸ್ರಿ’ ಎಂಬುದು ಬರಹದಲ್ಲಿ ಇನ್ನಷ್ಟು ಗಡುಸಾಗಿ ಕಾಣಬಹುದು. ಅದು ಇಲ್ಲಿನ ಮರ್ಯಾದೆಯ ರೂಪವೆಂದು ಗೊತ್ತಾಗಲು ಅವರು ಇಲ್ಲಿ ಸ್ವಲ್ಪ ಕಾಲ ಇರಬೇಕಾಗುತ್ತದೆ.

ಇನ್ನೊಂದು ತೊಡಕು ಕಚೇರಿಯ ಕನ್ನಡದಿಂದಲೇ ಬರುತ್ತದೆ. ಸರ್ಕಾರಿ ಪತ್ರದ ಕೊನೆಯ ಪದ ನೋಡಿದರೆ ಯಾರು ಯಾರಿಗೆ ಬರೆದದ್ದೆಂದು ಹೇಳಬಹುದು. ಮೇಲಿನವರು ಕೆಳಗಿನವರಿಗೆ ‘ಸೂಚಿಸಿದೆ’, ‘ನಿರ್ದೇಶಿಸಿದೆ’ ಎಂದು ಬರೆಯುತ್ತಾರೆ. ಸರಿಸಮಾನರು ‘ಕೋರಿದೆ’ ಎನ್ನುತ್ತಾರೆ. ಕೆಳಗಿನವರು ಮೇಲಿನವರಿಗೆ ‘ಸಲ್ಲಿಸಿದೆ’, ‘ವಿನಂತಿಸುತ್ತೇನೆ’ ಎನ್ನುತ್ತಾರೆ. ಪತ್ರ ಬರೆಯುವುದನ್ನೇ ಕಸುಬಾಗಿಸಿಕೊಂಡವರು ಈ ನೆಲದಲ್ಲಿ ಬಹಳ ಹಿಂದಿನಿಂದ ಇದ್ದಾರೆ. ವಿಜಯನಗರದ ಆಸ್ಥಾನದಲ್ಲಿ ಅರಸನ ಬಾಯಿಮಾತನ್ನು ಆಜ್ಞಾಪತ್ರವಾಗಿಸುತ್ತಿದ್ದವರನ್ನು ರಾಯಸದವರು ಎನ್ನುತ್ತಿದ್ದರು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchiಯವರ ಪೂರ್ತಿ ಹೆಸರು ರಾಯಸಂ ಭೀಮಸೇನರಾವ್. ಮನೆತನದ ಹೆಸರಿನಲ್ಲೇ ಆ ಕಸುಬು ಉಳಿದುಕೊಂಡಿದೆ. ಅಂಥ ಒಕ್ಕಣೆಗೆ ಪತ್ರದಲ್ಲಿ ಅದರ ಕೆಲಸವಿದೆ, ಹೊಣೆ ಯಾರದ್ದೆಂದು ಅದು ಸ್ಪಷ್ಟಪಡಿಸುತ್ತದೆ. ಅದನ್ನೇ ವಾಟ್ಸ್‌ಆ್ಯಪಿಗೆ ಎತ್ತಿಕೊಂಡು ಹೋದಾಗ ಕೆಡುತ್ತದೆ. ಒಬ್ಬ ದ್ವಿತೀಯ ದರ್ಜೆ ಸಹಾಯಕ ಇನ್ನೊಬ್ಬ ದ್ವಿತೀಯ ದರ್ಜೆ ಸಹಾಯಕನಿಗೆ ‘ಸದರಿ ಮಾಹಿತಿಯನ್ನು ಇಂದೇ ಕಳುಹಿಸಲು ತಿಳಿಸಲಾಗಿದೆ’ ಎಂದು ಬರೆದರೆ, ತಿಳಿಸಿದವರು ಯಾರು? ಸಾಹೇಬರ ಮಾತನ್ನು ದಾಟಿಸುತ್ತಿದ್ದಾನೋ, ತಾನೇ ಸಾಹೇಬನಾಗಿದ್ದಾನೋ ಗೊತ್ತಾಗುವುದಿಲ್ಲ. ಕರ್ತೃವಿಲ್ಲದ ಈ ವಾಕ್ಯ ವಿನಯದಂತೆ ಕಂಡರೂ ಓದುವವನನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುತ್ತದೆ.

ಹಾಗಾದರೆ ಸರಿಯಾಗಿ ಕೇಳುವುದು ಹೇಗೆ? ಒಂದು ಕಾಲ್ಪನಿಕ ಪ್ರಸಂಗ ತೆಗೆದುಕೊಳ್ಳೋಣ. ಹಗರಿಬೊಮ್ಮನಹಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳು ವಿಷಯ ನಿರ್ವಾಹಕಿ. ಗುರುವಾರ ಹೊಸಪೇಟೆಯಲ್ಲಿ ಸಭೆ ಇದೆ. ದುರಸ್ತಿಯಾಗಬೇಕಾದ ಶಾಲಾ ಕೊಠಡಿಗಳ ಈಗಿನ ಪಟ್ಟಿಯನ್ನು 2019-20ರ ಪಟ್ಟಿಯೊಡನೆ ತಾಳೆ ನೋಡಬೇಕು. ಹಳೆಯ ಪಟ್ಟಿ ಬಳ್ಳಾರಿಯ ಕಚೇರಿಯೊಂದರಲ್ಲಿ ಆಗ ಕೆಲಸ ನೋಡುತ್ತಿದ್ದ ಒಬ್ಬರ ಬಳಿ ಇರಬಹುದು. ಯಾವುದೋ ತರಬೇತಿಯಲ್ಲಿ ಒಮ್ಮೆ ಅವರ ಪರಿಚಯವಾಗಿತ್ತು, ನಂಬರ್ ಇದೆ. ಗಡಿಬಿಡಿಯಲ್ಲಿ ಈಕೆಯ ಬೆರಳಿಗೆ ಮೊದಲು ಬರುವ ಸಂದೇಶ ಇದು:

‘ಸರ್, 2019-20 ಕೊಠಡಿ ಪಟ್ಟಿ ಕೂಡಲೇ ಕಳಿಸಿ. ಅರ್ಜೆಂಟ್ ಇದೆ.’

ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಆದರೂ ಓದಿದವರಿಗೆ ಮೊದಲು ಅನಿಸುವುದು ‘ಯಾರಿದು, ನನಗ್ಯಾಕೆ ಹೇಳ್ತಾರೆ’ ಎಂದು. ಸರಿಪಡಿಸಲು ಶುರು ಮಾಡಬೇಕಾದ್ದು ಕ್ರಿಯಾಪದದಿಂದ. ‘ಕಳಿಸು’ ಎಂಬುದನ್ನು ಚಿಕ್ಕವರಿಗೆ, ಗೆಳೆಯರಿಗೆ ಹೇಳುತ್ತೇವೆ. ‘ಕಳಿಸಿ’ ಎಂದರೆ ಮರ್ಯಾದೆ ಬಂತು, ಆಜ್ಞೆ ಹೋಗಲಿಲ್ಲ. ‘ಕಳಿಸಿಕೊಡಿ’ ಎಂದಾಗ ಬೇರೊಂದು ಅರ್ಥ ಒಳಗೆ ಬರುತ್ತದೆ, ಏಕೆಂದರೆ ‘ಕೊಡು’ ಸೇರಿದೊಡನೆ ಇದು ನಿಮ್ಮ ಕರ್ತವ್ಯವಲ್ಲ, ನನಗೆ ಆಗುವ ಉಪಕಾರ ಎಂದು ಹೇಳಿದಂತಾಗುತ್ತದೆ. ಎರಡಕ್ಷರ ಸೇರಿಸಿ ಇಷ್ಟು ಹೇಳಬಹುದಾದಾಗ, ‘ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಅತ್ಯಂತ ವಿಷಾದಿಸುತ್ತಾ’ ಎಂದು ಅರ್ಧ ಪುಟ ಬರೆಯುವುದು ಬೇಕಿಲ್ಲ. ಅದನ್ನು ಓದುವುದೇ ಎದುರಿನವರಿಗೆ ಇನ್ನೊಂದು ಕೆಲಸವಾಗುತ್ತದೆ.

ಮುಂದಿನ ಹೆಜ್ಜೆ ಪ್ರಶ್ನೆ. ಇಲ್ಲಿ ಕನ್ನಡದ ಒಂದು ಸ್ವಭಾವ ತಿಳಿದಿದ್ದರೆ ಬಹಳ ಅನುಕೂಲ. ನಾವು ಉತ್ತರ ಕೊಡುವಾಗ ‘ಹೌದು’, ‘ಇಲ್ಲ’ ಎಂದಷ್ಟೇ ಹೇಳುವುದು ಕಡಿಮೆ, ಕೇಳಿದವರ ಕ್ರಿಯಾಪದವನ್ನೇ ತಿರುಗಿಸಿ ಹೇಳುತ್ತೇವೆ. ‘ಬರ್ತೀರಾ?’ ಎಂದರೆ ‘ಬರ್ತೀನಿ’ ಅಥವಾ ‘ಬರಲ್ಲ’. ಹಾಗಾಗಿ ನಾವು ಪ್ರಶ್ನೆಗೆ ಆರಿಸಿದ ಕ್ರಿಯಾಪದವೇ ಎದುರಿನವರ ಬಾಯಲ್ಲಿ ನಿರಾಕರಣೆಯ ಪದವಾಗುತ್ತದೆ. ‘ಕಳಿಸಿಕೊಡ್ತೀರಾ?’ ಎಂದು ಕೇಳಿದರೆ, ಆಗದಿದ್ದವರು ಹೇಳಬೇಕಾದ್ದು ‘ಕಳಿಸಲ್ಲ’ ಎಂದು. ಅದು ಜಗಳದ ಮಾತು, ಯಾರೂ ಹೇಳುವುದಿಲ್ಲ. ಹೇಳಲಾಗದೆ ಸುಮ್ಮನಾಗುತ್ತಾರೆ, ನೀಲಿ ಗೆರೆ ಎರಡು ಬಿದ್ದರೂ ಉತ್ತರ ಬರುವುದಿಲ್ಲ. ‘ಕಳಿಸಿಕೊಡೋಕೆ ಆಗುತ್ತಾ?’ ಎಂದು ಕೇಳಿದರೆ ಉತ್ತರ ‘ಇವತ್ತು ಆಗಲ್ಲ ಮೇಡಂ, ನಾಳೆ ನೋಡ್ತೀನಿ’ ಎಂದು ತಾನಾಗಿ ಬರುತ್ತದೆ. ಆಗದಿರುವುದು ಸಮಯದ್ದು, ಕೆಲಸದ್ದು, ಕರೆಂಟಿನದ್ದು. ಅವರ ಮನಸ್ಸಿನದ್ದಲ್ಲ. ನಮ್ಮ ಕಡೆಯ ಮಾತಿನಲ್ಲಿ ‘ಆಗ್ತೈತೇನ್ರಿ ಸರ?’ ಎಂದು ಕೇಳುವುದರಲ್ಲಿ ಈ ಜಾಣ್ಮೆ ಹಿಂದಿನಿಂದಲೂ ಇದೆ. ಇಲ್ಲ ಎನ್ನಲು ಎದುರಿನವರಿಗೆ ಸುಲಭವಾದ ಪದವೊಂದನ್ನು ಒದಗಿಸುವುದು, ನನ್ನ ಪ್ರಕಾರ, ಕೇಳುವವರು ಮಾಡಬಹುದಾದ ದೊಡ್ಡ ಸೌಜನ್ಯ. ಸಭೆ ಹತ್ತಿರವಿದ್ದಾಗ ಮೌನಕ್ಕಿಂತ ‘ಆಗಲ್ಲ’ ಎಂಬ ಉತ್ತರ ಎಷ್ಟೋ ಮೇಲು, ಕೂಡಲೇ ಬೇರೆ ಕಡೆ ಹುಡುಕಬಹುದು.

ಇದೇ ದಾರಿಯ ಇನ್ನೊಂದು ಮಾತು ‘ಬೇಕಾಗಿತ್ತು’. ‘ಪಟ್ಟಿ ಬೇಕು’ ಎಂಬುದು ಹಕ್ಕಿನ ದನಿ. ‘ಪಟ್ಟಿ ಬೇಕಾಗಿತ್ತು’ ಎಂದಾಗ ಬೇಕಾದ್ದು ಈಗಲೇ ಆದರೂ ಭೂತಕಾಲದ ರೂಪ ಅದನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತದೆ. ಅಂಗಡಿಯಲ್ಲಿ ‘ಅರ್ಧ ಕೇಜಿ ಬೆಲ್ಲ ಬೇಕಾಗಿತ್ತು’ ಎನ್ನುವವರು ನಿನ್ನೆಯ ಮಾತು ಆಡುತ್ತಿರುವುದಿಲ್ಲವಲ್ಲ.

ಹಾಗೆಂದು ಬರೀ ಸುತ್ತಿ ಬಳಸಿ ಹೇಳಿದರೆ ವಿನಯ ಹೆಚ್ಚಾಗುತ್ತದೆಂದು ತಿಳಿಯಬಾರದು. ‘ಸರ್, ಹಳೇ ಪಟ್ಟಿ ಎಲ್ಲೂ ಸಿಗ್ತಿಲ್ಲ ನೋಡಿ’ ಎಂದು ಬರೆದು ಸುಮ್ಮನೆ ಕೂರುವವರಿದ್ದಾರೆ. ಎದುರಿನವರು ಅರ್ಥ ಮಾಡಿಕೊಂಡು ತಾವೇ ಕಳಿಸಲಿ ಎಂಬ ಆಸೆ. ಶೋಷನಾ ಬ್ಲಮ್-ಕುಲ್ಕ 1987ರಲ್ಲಿ ಹೀಬ್ರೂ ಮತ್ತು ಇಂಗ್ಲಿಷ್ ಮಾತನಾಡುವವರ ನಡುವೆ ಇದನ್ನು ಪರೀಕ್ಷಿಸಿದ್ದರು. ಎರಡೂ ಭಾಷೆಯವರು ಹೆಚ್ಚು ವಿನಯದ್ದೆಂದು ಗುರುತಿಸಿದ್ದು ಬರೀ ಸೂಚನೆಯ ಮಾತನ್ನಲ್ಲ, ‘ಆಗುತ್ತಾ?’ ಎಂಬಂಥ ರೂಢಿಯ ಪ್ರಶ್ನೆಯನ್ನು. ಸೂಚನೆಯನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಶ್ರಮ ಓದುವವನ ಮೇಲೆ ಬೀಳುತ್ತದೆ. ಕನ್ನಡಕ್ಕೂ ಇದು ಒಪ್ಪುತ್ತದೆ ಎಂದೇ ನನಗನಿಸುತ್ತದೆ. ‘ಸರ್’ ಎಂದಷ್ಟೇ ಕಳಿಸಿ, ಅವರು ‘ಹೇಳಿ’ ಎನ್ನುವ ತನಕ ಕಾಯುವುದೂ ಇಂಥದ್ದೇ. ಎದುರು ಬದುರು ನಿಂತಾಗ ಅದು ಮರ್ಯಾದೆ. ಫೋನಿನಲ್ಲಿ ಮಾತ್ರ, ಏನೋ ಆಗಿದೆ ಎಂಬ ಆತಂಕ ಹುಟ್ಟಿಸಿ, ಎರಡು ಸಲ ಫೋನ್ ತೆಗೆಯುವಂತೆ ಮಾಡುತ್ತದೆ.

ಎಷ್ಟು ಮೃದುವಾಗಬೇಕು ಎಂಬುದಕ್ಕೆ ಒಂದು ಅಳತೆ ಇದೆ. ಪೆನೆಲಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ 1978ರಲ್ಲಿ ವಿನಯದ ಬಗ್ಗೆ ಬರೆದ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಹೆಸರಾದದ್ದು. ಅವರು ಆಧಾರವಾಗಿಟ್ಟುಕೊಂಡ ಮೂರು ಭಾಷೆಗಳಲ್ಲಿ ಒಂದು ಕೊಯಮತ್ತೂರು ಸೀಮೆಯ ತಮಿಳು, ನಮ್ಮ ನುಡಿಯ ಒಡಹುಟ್ಟು. ಮೂರು ಸಂಗತಿ ನೋಡಿ ತೂಗಬೇಕು ಎನ್ನುತ್ತಾರೆ ಅವರು: ಎದುರಿನವರ ಅಧಿಕಾರ, ನಮ್ಮಿಬ್ಬರ ನಡುವಿನ ದೂರ, ಕೇಳುತ್ತಿರುವ ಕೆಲಸದ ಭಾರ. ನಮ್ಮ ಪ್ರಸಂಗದಲ್ಲಿ ಅಧಿಕಾರ ಸರಿಸಮ. ದೂರ ಹೆಚ್ಚು. ಭಾರ ಮೇಲ್ನೋಟಕ್ಕೆ ಕಡಿಮೆ, ಒಂದು ಫೈಲ್ ತಾನೇ. ಆದರೆ ಹಳೆಯ ಕಂಪ್ಯೂಟರ್ ಹಚ್ಚಿ, ಹೆಸರೇ ಗೊತ್ತಿಲ್ಲದ ಫೈಲನ್ನು ಹುಡುಕುವವರಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಕೇಳುವವರು ಈ ಮೂರನೆಯದನ್ನೇ ಸದಾ ಕಡಿಮೆ ಅಂದಾಜು ಮಾಡುತ್ತಾರೆ. ಇದನ್ನು ಇಳಿಸುವುದು ನಯದ ಮಾತಿನಿಂದಲ್ಲ, ನಿಖರತೆಯಿಂದ.

ಹೇಗೆಂದರೆ, ‘ಕೊಠಡಿ ಪಟ್ಟಿ’ ಎಂದರೆ ಯಾವುದು? ಜಿಲ್ಲೆಯದ್ದೋ ತಾಲ್ಲೂಕಿನದ್ದೋ? ಸಹಿಯಾದ ಪ್ರತಿಯೋ, ಎಕ್ಸೆಲ್ ಹಾಳೆಯೋ? ಇದನ್ನು ಹೇಳದಿದ್ದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಮುದ್ರಿತ ಪುಟದ ಫೋಟೊ ತೆಗೆದು ಕಳಿಸುತ್ತಾರೆ. ವಾಟ್ಸ್‌ಆ್ಯಪ್ ಆ ಫೋಟೊವನ್ನು ಕುಗ್ಗಿಸುತ್ತದೆ, ಅಂಕಿಗಳು ಮಸುಕಾಗುತ್ತವೆ, ತಾಳೆ ನೋಡಲು ಬರುವುದಿಲ್ಲ. ಮತ್ತೆ ಕೇಳಬೇಕು. ಎರಡನೇ ಸಲ ಕೇಳುವಾಗ ಎಂಥ ಒಕ್ಕಣೆಯೂ ಸಂಕೋಚವನ್ನು ಮುಚ್ಚಲಾರದು. ಕನ್ನಡದ ಫೈಲುಗಳಲ್ಲಿ ಇನ್ನೊಂದು ವಿಶೇಷ ಕಷ್ಟವಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಹಾಳೆಗಳು ಸರ್ಕಾರಿ ಕಚೇರಿಗಳಲ್ಲಿ ರಾಶಿ ಇವೆ. ಆ ಫಾಂಟ್ ಇಲ್ಲದ ಫೋನಿನಲ್ಲೋ ಕಂಪ್ಯೂಟರಿನಲ್ಲೋ ತೆರೆದರೆ ‘ಕನ್ನಡ’ ಎಂಬ ಪದ PÀ£ÀßqÀ ಎಂದು ಕಾಣುತ್ತದೆ. ಇದು ಗೊತ್ತಿಲ್ಲದವರು ‘ಸರ್, ಫೈಲ್ ಕರಪ್ಟ್ ಆಗಿದೆ, ಬೇರೆ ಕಳಿಸಿ’ ಎಂದು ಬರೆಯುತ್ತಾರೆ. ಕಳಿಸಿದವರ ಬಳಿ ಅದು ಸರಿಯಾಗಿಯೇ ತೆರೆದಿರುತ್ತದೆ, ತಪ್ಪು ಹೊರಿಸಿದಂತಾಗಿ ಬೇಸರಪಡುತ್ತಾರೆ. ‘ನುಡಿಯಲ್ಲಿದ್ದರೂ ಪರವಾಗಿಲ್ಲ, ನಾನು ಇಲ್ಲಿ ಬದಲಾಯಿಸಿಕೊಳ್ತೀನಿ’ ಎಂದು ಮೊದಲೇ ಬರೆದರೆ ಅವರ ಕೆಲಸ ಅಷ್ಟು ಕಡಿಮೆಯಾಯಿತು. ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಸುಲಭವಾಗಿ ಸಿಗುತ್ತವೆ, ಆ ಹೊರೆ ಕೇಳುವವರದ್ದೇ ಆಗಿರಬೇಕು.

ಸಮಯದ ಮಾತೂ ಹೀಗೆಯೇ. ‘ಕೂಡಲೇ’, ‘ಅರ್ಜೆಂಟ್’ ಎಂಬುವು ಎದುರಿನವರ ಕೈಯಲ್ಲಿರುವ ಕೆಲಸಕ್ಕಿಂತ ನನ್ನದು ದೊಡ್ಡದು ಎಂದು ತೀರ್ಮಾನಿಸಿಬಿಡುತ್ತವೆ. ‘ಆದಷ್ಟು ಬೇಗ’ ಎಂಬುದು ನಯವಾಗಿ ಕಂಡರೂ ಏನೂ ಹೇಳುವುದಿಲ್ಲ. ಒಬ್ಬರಿಗೆ ಅದು ಹತ್ತು ನಿಮಿಷ, ಇನ್ನೊಬ್ಬರಿಗೆ ಮುಂದಿನ ವಾರ. ‘ಇವತ್ತೇ’ ಎಂಬುದರ ‘ಏ’ಕಾರ ಬರಹದಲ್ಲಿ ಬೆರಳು ತೋರಿಸಿದಂತೆ ಕಾಣುತ್ತದೆ. ಕೆಲಸದ ಕಾರಣವನ್ನೂ ಗಡುವನ್ನೂ ಒಂದೇ ಸಾಲಿನಲ್ಲಿ ಹೇಳಿದರೆ ಅವಸರ ಇದೆಯೋ ಇಲ್ಲವೋ ಅವರೇ ತೂಗಿಕೊಳ್ಳುತ್ತಾರೆ.

ಈಗ ಆ ಹೆಣ್ಣುಮಗಳ ಸಂದೇಶವನ್ನು ಮತ್ತೆ ಬರೆಯೋಣ:

‘ನಮಸ್ಕಾರ ಸರ್. ನಾನು ಹಗರಿಬೊಮ್ಮನಹಳ್ಳಿ ಬಿಇಒ ಕಚೇರಿಯಿಂದ, ತರಬೇತಿಯಲ್ಲಿ ಭೇಟಿಯಾಗಿದ್ದೆವು. ನಮ್ಮ ತಾಲ್ಲೂಕಿನ 2019-20ರ ಕೊಠಡಿ ದುರಸ್ತಿ ಪಟ್ಟಿಯ ಎಕ್ಸೆಲ್ ಪ್ರತಿ ಬೇಕಾಗಿತ್ತು. ಗುರುವಾರದ ಸಭೆಗೆ ಈಗಿನ ಪಟ್ಟಿ ಜೊತೆ ತಾಳೆ ನೋಡಬೇಕಿದೆ. ಬುಧವಾರ ಸಂಜೆಯೊಳಗೆ ಕಳಿಸಿಕೊಡೋಕೆ ಆಗುತ್ತಾ? ನುಡಿಯಲ್ಲಿದ್ದರೂ ಪರವಾಗಿಲ್ಲ. ನಿಮ್ಮ ಹತ್ತಿರ ಇಲ್ಲದಿದ್ದರೆ ಯಾರನ್ನು ಕೇಳಬೇಕು ಅಂತ ತಿಳಿಸಿದರೂ ಸಾಕು.’

ಇದರಲ್ಲಿ ‘ದಯವಿಟ್ಟು’ ಇಲ್ಲ, ಕ್ಷಮೆ ಇಲ್ಲ. ‘ತಿಳಿಸಿದರೂ ಸಾಕು’ ಎಂಬ ಕೊನೆಯ ಮಾತು ಬಹಳ ಕೆಲಸ ಮಾಡುತ್ತದೆ. ಫೈಲ್ ಸಿಗದಿದ್ದರೂ ಅವರು ಸಹಾಯ ಮಾಡಿದವರಾಗಿಯೇ ಮಾತು ಮುಗಿಸಬಹುದು. ಪಕ್ಕದ ಟೇಬಲ್ಲಿನವರಿಗೆ ಕೇಳುವಾಗ ಇಷ್ಟೆಲ್ಲ ಬೇಡ. ‘ಸರ, ಕೊಠಡಿ ಪಟ್ಟಿ ಎಕ್ಸೆಲ್ ಒಂದೀಟು ಕಳಿಸಿಕೊಡ್ರಿ, ಸಂಜೀಗೆ ಬೇಕಾಗಿತ್ತು’ ಎಂದರೆ ಸಾಕು. ಆಡುಮಾತಿನ ‘ರಿ’ಯನ್ನು ಬರಹದಲ್ಲೂ ಉಳಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ, ದನಿಯಿಲ್ಲದ ಕಡೆ ದನಿಯ ಕೆಲಸವನ್ನು ಅದು ಸ್ವಲ್ಪವಾದರೂ ಮಾಡುತ್ತದೆ. ಅಲ್ಲಿ ಹೋಗಿ ಬಳ್ಳಾರಿಗೆ ಬರೆದಷ್ಟು ಉದ್ದ ಬರೆದರೆ, ‘ಏನಾಯ್ತು, ಯಾಕೆ ಮುನಿಸಿಕೊಂಡ್ರಿ’ ಎಂದು ಕೇಳಿಯಾರು. ‘ಅಕ್ಕಾರ’, ‘ಅಣ್ಣಾರ’ ಎಂದು ಕರೆಯುವ ಸಲುಗೆಯೂ ಮೊದಲೇ ಇದ್ದರೆ ಚೆಂದ. ಪರಿಚಯವಿಲ್ಲದವರನ್ನು ಕೆಲಸ ಬಿದ್ದಾಗ ಮಾತ್ರ ಹಾಗೆ ಕರೆದರೆ ಬೆಣ್ಣೆ ಹಚ್ಚಿದಂತೆ ಕಾಣುತ್ತದೆ.

ಗ್ರೂಪಿನಲ್ಲಿ ಕೇಳುವುದನ್ನು ತಪ್ಪಿಸುವುದು ಒಳಿತು. ಒಬ್ಬರಿಂದ ಬರಬೇಕಾದ ಫೈಲನ್ನು ಇಡೀ ತಾಲ್ಲೂಕಿನವರು ನೋಡುವ ಗ್ರೂಪಿನಲ್ಲಿ ಅವರ ಹೆಸರು ಹಿಡಿದು ಕೇಳಿದರೆ, ಪದಗಳು ಎಷ್ಟೇ ನಯವಾಗಿದ್ದರೂ ಅದು ಛೀಮಾರಿಯೇ. ಹಾಗೆಯೇ ಸೇವಾ ಪುಸ್ತಕ, ವೈದ್ಯಕೀಯ ದಾಖಲೆ, ಜನರ ಆಧಾರ್ ಸಂಖ್ಯೆ ಇರುವ ಪಟ್ಟಿ ಇಂಥವನ್ನು ಖಾಸಗಿ ಸಂದೇಶದಲ್ಲಿ ಕೇಳಬಾರದು. ಕೊಟ್ಟರೆ ಅವರ ಕೆಲಸಕ್ಕೆ ಕುತ್ತು, ಕೊಡದಿದ್ದರೆ ಸಂಬಂಧಕ್ಕೆ ಕುತ್ತು. ಅಲ್ಲಿ ಮೇಲಧಿಕಾರಿಯ ಸಹಿಯುಳ್ಳ ಪತ್ರವೇ ಸರಿ. ಕೊಠಡಿ ಪಟ್ಟಿಯಂಥದ್ದು ಕೂಡ ಸಭೆಯ ನಡವಳಿಗೆ ಸೇರಬೇಕಾದರೆ ವಾಟ್ಸ್‌ಆ್ಯಪ್ ಪ್ರತಿ ಸಾಲದು, ದೃಢೀಕೃತ ಪ್ರತಿಗೆ ಪತ್ರ ಹೋಗಲೇಬೇಕು. ‘ಪತ್ರ ಹಿಂದೆಯೇ ಕಳಿಸ್ತಿದ್ದೀವಿ’ ಎಂದು ಸಂದೇಶದಲ್ಲಿ ಸೇರಿಸಿದರೆ ಕಳಿಸುವವರಿಗೂ ಧೈರ್ಯ ಬರುತ್ತದೆ.

ಬುಧವಾರ ಸಂಜೆಯಾದರೂ ಫೈಲ್ ಬರಲಿಲ್ಲ ಎಂದಿಟ್ಟುಕೊಳ್ಳಿ. ಕಚೇರಿ ಪತ್ರದಲ್ಲಾದರೆ ಇದಕ್ಕೆ ನೆನಪೋಲೆ ಇದೆ, ಒಂದನೆಯದು, ಎರಡನೆಯದು ಎಂದು ಸಂಖ್ಯೆ ಏರುತ್ತಾ ಹೋದಂತೆ ದನಿಯೂ ಏರುತ್ತದೆ. ಸಂದೇಶದಲ್ಲಿ ಜನ ಬರೆಯುವುದು ‘ಸರ್, ಇನ್ನೂ ಕಳಿಸಿಲ್ಲ’ ಎಂದು, ಮುಂದೆ ಎರಡು ಪ್ರಶ್ನೆಚಿಹ್ನೆ. ಆ ‘ಇನ್ನೂ’ ಎಂಬುದರಲ್ಲಿ ದೂರು ಇದೆ, ‘ಕಳಿಸಿಲ್ಲ’ ಎಂಬುದರ ಕರ್ತೃ ಅವರೇ. ವಾಕ್ಯದ ಕರ್ತೃವನ್ನು ಬದಲಿಸಿದರೆ ಸಾಕು: ‘ಸರ್, ಪಟ್ಟಿ ನನಗೆ ಬಂದಂತಿಲ್ಲ. ನಾಳೆ ಬೆಳಿಗ್ಗೆ ಹೊರಡೋ ಮುಂಚೆ ಸಿಕ್ಕರೂ ಆಗುತ್ತೆ.’ ಬರಬೇಕಾದ್ದು ಫೈಲ್, ಬಾರದಿರುವುದೂ ಫೈಲ್. ಜೊತೆಗೆ ಗಡುವು ಕೊಂಚ ಸಡಿಲಾಗಿದೆ. ಇದಕ್ಕೂ ಉತ್ತರವಿಲ್ಲದಿದ್ದರೆ ಮೂರನೇ ಸಂದೇಶ ಬೇಡ, ಫೋನ್ ಮಾಡುವುದೇ ಸರಿ. ದನಿಯೊಂದಿಗೆ ‘ರಿ’ಯೂ ಮರಳಿ ಬರುತ್ತದೆ.

ಫೈಲ್ ಬಂದ ಮೇಲೆ ಕೈ ಜೋಡಿಸಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗುವುದು ರೂಢಿ. ಕಳಿಸಿದವರಿಗೆ ಅದಕ್ಕಿಂತ ಬೇಕಾದ್ದು, ಕಳಿಸಿದ್ದು ಸರಿಯಾದ ಫೈಲೇ, ತೆರೆಯಿತೇ ಎಂಬ ಖಾತ್ರಿ. ‘ಬಂತು ಸರ್, ತೆರೆದು ನೋಡಿದೆ, ನಮ್ಮ ತಾಲ್ಲೂಕಿನ ಹಾಳೆ ಸಿಕ್ಕಿತು’ ಎಂದು ಬರೆದರೆ ಅವರು ಆ ಹಳೆಯ ಕಂಪ್ಯೂಟರನ್ನು ಆರಿಸಿ ತಮ್ಮ ಕೆಲಸಕ್ಕೆ ಹೋಗಬಹುದು.